ಮುನ್ನೂರು ಜನರ ಪ್ರಸಾದಕ್ಕೆ ಕೇಸರಿಬಾತ್: ನೀರಿನ ಲೆಕ್ಕ ಬೇರೆ

ಪ್ರಶ್ನೆ: ಮನೆಯಲ್ಲಿ ಒಂದು ಲೋಟ ರವೆಯ ಕೇಸರಿಬಾತ್ ಚೆನ್ನಾಗಿಯೇ ಬರುತ್ತದೆ. ಗಣೇಶನ ಹಬ್ಬಕ್ಕೆ ನಮ್ಮ ಓಣಿಯಲ್ಲಿ ಮುನ್ನೂರು ಜನರಿಗೆ ಪ್ರಸಾದ ಮಾಡಬೇಕು. ರವೆ, ತುಪ್ಪ, ಸಕ್ಕರೆ, ನೀರು ಎಲ್ಲವನ್ನೂ ಅದೇ ಲೆಕ್ಕದಲ್ಲಿ ಹೆಚ್ಚಿಸಿದರೆ ಸಾಕೇ?

ರವೆ, ಸಕ್ಕರೆ, ತುಪ್ಪವನ್ನು ಅದೇ ಲೆಕ್ಕದಲ್ಲಿ ಹೆಚ್ಚಿಸಬಹುದು. ನೀರನ್ನು ಮಾತ್ರ ಹಾಗೆ ಹೆಚ್ಚಿಸಬೇಡಿ. ಬಳ್ಳಾರಿಯ ನಮ್ಮ ಓಣಿಯ ಗಣಪತಿಗೆ ಪ್ರಸಾದ ಮಾಡುವವರಲ್ಲಿ ನಾನೂ ಒಬ್ಬಳು. ನಾವು ಪಾಲಿಸುವ ಅಳತೆಯನ್ನೇ ಹೇಳುತ್ತೇನೆ.

ಉಪ್ಪಿಟ್ಟಿನ ರವೆಗೆ ಮನೆಯ ಅಳತೆ ಹೀಗೆ: ಒಂದು ಲೋಟ ರವೆಗೆ ಒಂದೂವರೆ ಲೋಟ ಸಕ್ಕರೆ, ಅರ್ಧ ಲೋಟ ತುಪ್ಪ, ಮೂರು ಲೋಟ ನೀರು. ಚಿರೋಟಿ ರವೆಯಾದರೆ ಎರಡರಿಂದ ಎರಡೂಕಾಲು ಲೋಟ ನೀರು ಸಾಕು. ಆದರೆ ಚಿರೋಟಿ ರವೆ ದೊಡ್ಡ ಪಾತ್ರೆಯಲ್ಲಿ ಬೇಗ ಗಂಟು ಕಟ್ಟುತ್ತದೆ, ಆದ್ದರಿಂದ ಹಬ್ಬಕ್ಕೆ ಉಪ್ಪಿಟ್ಟಿನ ರವೆಯನ್ನೇ ತರಿಸಿ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯದ ಅಳತೆಯನ್ನು ಇದರೊಂದಿಗೆ ಬೆರೆಸಬೇಡಿ. ಅದರಲ್ಲಿ ರವೆ, ಸಕ್ಕರೆ, ತುಪ್ಪ ಸಮಸಮ ಬೀಳುತ್ತವೆ, ಅದರ ಹದವೇ ಬೇರೆ.

ದೊಡ್ಡ ಅಡುಗೆಗೆ ಲೋಟ, ಸೇರು ಬಿಟ್ಟು ತಕ್ಕಡಿ ಹಿಡಿಯಿರಿ. ನೈವೇದ್ಯವಾಗುವವರೆಗೆ ರುಚಿ ನೋಡುವಂತಿಲ್ಲ. ಸಿಹಿ ಕಡಿಮೆಯಾಯಿತೋ ಹೆಚ್ಚಾಯಿತೋ ಎಂದು ನಾಲಿಗೆಯನ್ನು ಕೇಳಲಾಗದ ಅಡುಗೆಯಲ್ಲಿ ತೂಕವನ್ನೇ ನಂಬಬೇಕು. ಮುನ್ನೂರು ಜನರಿಗೆ 3 ಕೆಜಿ ರವೆ, 5 ಕೆಜಿ ಸಕ್ಕರೆ, 1.8 ಕೆಜಿ ತುಪ್ಪ ಬೇಕು. ಸುಮಾರು 18 ಕೆಜಿ ಕೇಸರಿಬಾತ್ ಆಗುತ್ತದೆ, ತಲೆಗೆ 60 ಗ್ರಾಂ ಬರುತ್ತದೆ. ಪಾತ್ರೆ 30 ಲೀಟರಿನದಾದರೂ ಇರಲಿ, ಇಲ್ಲವಾದರೆ ತಿರುವಲು ಜಾಗ ಸಿಗುವುದಿಲ್ಲ.

ಇನ್ನು ನೀರು. ಮನೆಯ ಲೆಕ್ಕವನ್ನೇ ಹಿಡಿದರೆ ಇಷ್ಟು ರವೆಗೆ ಹನ್ನೆರಡೂವರೆ ಲೀಟರ್ ಆಗುತ್ತದೆ. ಅಷ್ಟು ಹಾಕಿದರೆ ಕೇಸರಿಬಾತ್ ಅಂಬಲಿಯಾಗುತ್ತದೆ. ಚಿಕ್ಕ ಬಾಣಲೆಯಲ್ಲಿ ಸ್ವಲ್ಪ ನೀರು ಅಗಲವಾಗಿ ಹರಡಿಕೊಂಡು ಕುದಿಯುವುದರಿಂದ ಬಹಳಷ್ಟು ಆವಿಯಾಗಿ ಹೋಗುತ್ತದೆ. ಆಳವಾದ ಪಾತ್ರೆಯಲ್ಲಿ ನೀರಿನ ಪ್ರಮಾಣಕ್ಕೆ ಹೋಲಿಸಿದರೆ ಗಾಳಿಗೆ ತೆರೆದ ಮೇಲ್ಮೈ ಕಡಿಮೆ, ಆದ್ದರಿಂದ ಅಷ್ಟು ಆವಿಯಾಗುವುದಿಲ್ಲ. 10 ಲೀಟರ್ ನೀರನ್ನು ಬೇರೆ ಒಲೆಯ ಮೇಲೆ ಕುದಿಸಿಕೊಳ್ಳಿ, ಇನ್ನೊಂದೂವರೆ ಲೀಟರ್ ಬಿಸಿನೀರು ಪಕ್ಕದಲ್ಲಿರಲಿ.

ರವೆಯನ್ನು ಒಮ್ಮೆಗೇ ಹುರಿಯಬೇಡಿ. ಒಂದೊಂದು ಕೆಜಿಯಂತೆ, ಸ್ವಲ್ಪ ತುಪ್ಪದಲ್ಲಿ, ಘಮ ಬರುವವರೆಗೆ ಸಣ್ಣ ಉರಿಯಲ್ಲಿ ಹುರಿದು ಕೂಡಲೇ ಪರಾತಕ್ಕೆ ಸುರಿಯಿರಿ. ಬಿಸಿ ಬಾಣಲೆಯಲ್ಲಿಯೇ ಬಿಟ್ಟರೆ ಉರಿ ಆರಿಸಿದ ಮೇಲೂ ತಳದ ರವೆ ಕೆಂಪಾಗುತ್ತದೆ. ತುಪ್ಪದಲ್ಲಿ ಮೂರನೆಯ ಒಂದು ಪಾಲು ಹುರಿಯಲು ಮತ್ತು ಗೋಡಂಬಿ, ದ್ರಾಕ್ಷಿಗೆ, ಇನ್ನೊಂದು ಪಾಲು ಸಕ್ಕರೆಯ ಜೊತೆಗೆ, ಉಳಿದದ್ದು ಕೊನೆಗೆ.

ನೀರು ತೆರಳಿ ಕುದಿಯುವಾಗ ಒಬ್ಬರು ರವೆಯನ್ನು ಸಣ್ಣ ಧಾರೆಯಾಗಿ ಬಿಡುತ್ತಿರಬೇಕು, ಇನ್ನೊಬ್ಬರು ಕಟ್ಟಿಗೆಯ ಹುಟ್ಟಿನಿಂದ ನಿಲ್ಲಿಸದೆ ತಿರುವುತ್ತಿರಬೇಕು. ಒಬ್ಬರೇ ಮಾಡುವ ಕೆಲಸವಲ್ಲ ಇದು. ನಂತರ ಉರಿ ತಗ್ಗಿಸಿ ಮುಚ್ಚಿಡಿ, ನಡುನಡುವೆ ತಳ ಕೆರೆದು ತಿರುವುತ್ತಿರಿ.

ಸಕ್ಕರೆಯ ಹೊತ್ತು ತಪ್ಪಿದರೆ ಮತ್ತೆ ಸರಿಪಡಿಸಲು ಬರುವುದಿಲ್ಲ. ಸಕ್ಕರೆ ನೀರನ್ನು ತನ್ನತ್ತ ಹಿಡಿದುಕೊಳ್ಳುತ್ತದೆ, ಆಮೇಲೆ ರವೆಗೆ ಅರಳಲು ನೀರು ಸಿಗುವುದಿಲ್ಲ. ಅರೆಬೆಂದ ರವೆಗೆ ಸಕ್ಕರೆ ಬಿದ್ದರೆ ಎಷ್ಟು ಹೊತ್ತು ಬೇಯಿಸಿದರೂ ಕಾಳು ಹಲ್ಲಿಗೆ ಸಿಗುತ್ತದೆ. ಆದ್ದರಿಂದ ಪಾತ್ರೆಯ ನಡುವಿನಿಂದ ಒಂದು ಚಿಟಿಕೆ ತಟ್ಟೆಗೆ ಹಾಕಿ, ಆರಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ಎಳೆಯಿರಿ. ನುಣ್ಣಗೆ ಹರಡಿದರೆ ಬೆಂದಿದೆ. ಬೆರಳಿನಡಿ ಮರಳಿನಂತೆ ಚುಚ್ಚಿದರೆ ಇಟ್ಟುಕೊಂಡ ಬಿಸಿನೀರಿನಲ್ಲಿ ಅರ್ಧ ಲೀಟರ್ ಸುರಿದು ಮತ್ತೆ ಮುಚ್ಚಿಡಿ. ರುಚಿ ನೋಡದೆ ಬೇಯುವಿಕೆಯನ್ನು ತಿಳಿಯಲು ನನಗೆ ಗೊತ್ತಿರುವ ಒಳ್ಳೆಯ ಉಪಾಯ ಇದೇ.

ಸಕ್ಕರೆ ಹಾಕಿದ ಕೂಡಲೇ ಗಟ್ಟಿಯಾಗಿದ್ದದ್ದು ಸಡಿಲವಾಗಿ ಹರಿಯತೊಡಗುತ್ತದೆ. ಪ್ರತಿ ವರ್ಷವೂ ಯಾರಾದರೊಬ್ಬರು "ಅಕ್ಕಾ, ನೀರು ಹೆಚ್ಚಾಯಿತಲ್ಲ, ಇನ್ನಷ್ಟು ರವೆ ಹಾಕೋಣವೇ?" ಎಂದು ಕೇಳಿಯೇ ಕೇಳುತ್ತಾರೆ. ಬೇಡವೇ ಬೇಡ. 5 ಕೆಜಿ ಸಕ್ಕರೆ ಕರಗಿದರೆ ಮೂರು ಲೀಟರಿನಷ್ಟು ಪಾಕ ಹೆಚ್ಚಿದಂತೆಯೇ. ಸಣ್ಣ ಉರಿಯಲ್ಲಿ ತಿರುವುತ್ತಿದ್ದರೆ ಅದು ತಾನಾಗಿ ಕೂಡಿಕೊಳ್ಳುತ್ತದೆ. ಈ ಹಂತದಲ್ಲಿ ಗುಳ್ಳೆ ಒಡೆದು ಕೈಗೆ ಸಿಡಿಯುತ್ತದೆ, ಉದ್ದ ಹಿಡಿಯ ಹುಟ್ಟು ಬೇಕು, ಮಕ್ಕಳು ದೂರವಿರಲಿ.

ಬಿಸಿಹಾಲಿನಲ್ಲಿ ನೆನೆಸಿದ ಕೇಸರಿ, ಏಲಕ್ಕಿ ಪುಡಿ, ಉಳಿದ ತುಪ್ಪ ಸೇರಿಸಿ. ಅಂಚು ಬಿಟ್ಟು ಒಟ್ಟಾಗಿ ಸರಿಯತೊಡಗಿದಾಗ, ಇನ್ನೂ ಸ್ವಲ್ಪ ಸಡಿಲವಾಗಿರುವಾಗಲೇ ಒಲೆ ಆರಿಸಿ. ಆರುತ್ತಾ ಅದು ಬಿಗಿಯುತ್ತದೆ. ನೈವೇದ್ಯದ ಪಾಲನ್ನು ಮೊದಲು ತೆಗೆದಿಟ್ಟು ಪಾತ್ರೆಯನ್ನು ಮುಚ್ಚಿ. ಪೂಜೆ ತಡವಾಗಿ ಕೇಸರಿಬಾತ್ ಗಟ್ಟಿಯಾದರೆ, ಬಡಿಸುವ ಮುನ್ನ ಒಂದು ಲೋಟ ಬಿಸಿನೀರು, ಒಂದು ಸೌಟು ತುಪ್ಪ ಹಾಕಿ ಸಣ್ಣ ಉರಿಯಲ್ಲಿ ಮಗುಚಿದರೆ ಮತ್ತೆ ಹದಕ್ಕೆ ಬರುತ್ತದೆ.