‘ಉಳ್ಳವರು ಶಿವಾಲಯವ ಮಾಡುವರು’: ನಿನ್ನ ಲೇಖನದ ಬಗ್ಗೆ

“ಮೇಡಂ, ನಮ್ಮ ವಾರ್ಷಿಕ ಸಂಚಿಕೆಗೆ ಈ ವಚನದ ವಿಮರ್ಶೆ ಕಳಿಸಿದ್ದೇನೆ. ಡೊಂಬಿವಲಿ ಲೋಕಲ್‌ನಲ್ಲಿ ಓದಿದ ಗೆಳತಿ ‘ಇದು ಬರೀ ಅರ್ಥ’ ಅಂದಳು. ಅರ್ಥ ಬಿಟ್ಟು ಇನ್ನೇನು ಬರೆಯೋದು?”

ಗೆಳತಿಯ ಮಾತು ಸರಿ. ಹೀಗೇ ಇದ್ದರೆ ಅಚ್ಚಿಗೆ ಕೊಡಲಾರೆ. ನಿನ್ನ ಬಹುಪಾಲು ವಾಕ್ಯಗಳು “ಎಂದು ಬಸವಣ್ಣನವರು ಹೇಳಿದ್ದಾರೆ” ಅಂತ ಮುಗಿಯುತ್ತವೆ. ಅವರು ಹೇಳಿದ್ದು ಓದುಗರ ಕಣ್ಣೆದುರೇ ಇದೆ. ಹೇಗೆ ಹೇಳಿದರು ಅನ್ನುವುದನ್ನು ನೀನು ತೋರಿಸಬೇಕು.

ವಚನ ಮುಂದಿಟ್ಟುಕೊಂಡು ಕ್ರಿಯಾಪದಗಳನ್ನಷ್ಟೇ ನೋಡು.

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡಲಿ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಶವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ
ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ

ಮೊದಲು “ಮಾಡುವರು”, ಆಮೇಲೆ “ಮಾಡಲಿ”. ಉಳ್ಳವರ ಕೆಲಸದ ಮಾತಿನಲ್ಲೇ ಬಡವ ತನ್ನ ಪ್ರಶ್ನೆ ಕೇಳುತ್ತಾನೆ. ಮುಂದಿನ ಎರಡು ಸಾಲಿನಲ್ಲಿ ಕ್ರಿಯಾಪದವೇ ಇಲ್ಲ. ಕಾಲೇ ಕಂಬ, ದೇಹವೇ ದೇಗುಲ. ಇಲ್ಲಿ ಯಾರೂ ಏನನ್ನೂ ಕಟ್ಟುತ್ತಿಲ್ಲ. ಗುಡಿ ಆಗಲೇ ನಿಂತಿದೆ. “ಏನ ಮಾಡಲಿ” ಅನ್ನುವ ಪ್ರಶ್ನೆಗೆ ಉತ್ತರ ಬರುವುದು ಮಾಡುವ ಮಾತನ್ನೇ ಕೈಬಿಟ್ಟು. ನೀನು ಬರೆದದ್ದು: “ಬಡವರಾದ ಬಸವಣ್ಣನವರು ತಮ್ಮ ದೇಹವನ್ನೇ ದೇವಾಲಯ ಮಾಡಿಕೊಂಡರು.” ವಚನ ಬಿಟ್ಟುಕೊಟ್ಟ “ಮಾಡು” ನಿನ್ನ ವಾಕ್ಯದಲ್ಲಿ ವಾಪಸ್ ಬಂತು. ಸಾರಾಂಶ ಬರೆಯುವಾಗ ಕಳೆದುಹೋಗುವುದು ಇಂಥದ್ದೇ.

ಅದೇ ವಾಕ್ಯದ “ಬಡವರಾದ” ಕೂಡ ನಿಲ್ಲುವುದಿಲ್ಲ. ಬಸವಣ್ಣ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿ. ಹಾಗಿದ್ದೂ ವಚನದ “ನಾನು” ಬಡವ, ಅದೂ ತನ್ನ ತಲೆಯನ್ನು “ಹೊನ್ನ” ಕಳಶ ಅನ್ನುವ ಬಡವ. ಈ “ನಾನು” ಯಾರ ಪರವಾಗಿ ಮಾತಾಡುತ್ತಿದೆ ಅಂತ ಕೇಳಿಕೋ.

ಇನ್ನು ಕೊನೆಯ ಸಾಲು: ನಿಂತಿರುವ ಸ್ಥಾವರಕ್ಕೆ ಅಳಿವುಂಟು, ಚಲಿಸುವ ಜಂಗಮಕ್ಕೆ ಅಳಿವಿಲ್ಲ. ಅದನ್ನು ನೀನು “ದೇವಾಲಯ ಅಳಿಯುತ್ತದೆ, ಭಕ್ತಿ ಅಳಿಯುವುದಿಲ್ಲ” ಅಂತ ಒಂದೇ ಉಸಿರಿಗೆ ಮುಗಿಸಿದ್ದೀಯ. ವಚನದ ತೊಡಕೇ ಇಲ್ಲಿದೆ. ದೇಹವೂ ಅಳಿಯುತ್ತದಲ್ಲ! ದೇಹವೇ ದೇಗುಲವಾದರೆ ಆ ದೇಗುಲಕ್ಕೂ ಅಳಿವು ತಪ್ಪಿದ್ದಲ್ಲ. ಮತ್ತೆ ಜಂಗಮಕ್ಕೆ ಅಳಿವಿಲ್ಲ ಅನ್ನುವುದು ಹೇಗೆ? ನನ್ನ ಓದು ಹೀಗೆ: “ನಾನು”, “ಎನ್ನ” ಅಂತ ಸಾಗಿದ ವಚನ ಕೊನೆಯ ಸಾಲಿನಲ್ಲಿ ಅವೆರಡನ್ನೂ ಬಿಡುತ್ತದೆ. ಅಳಿವಿಲ್ಲದ್ದು ಒಬ್ಬನ ಮೈಯಲ್ಲ, ಒಬ್ಬರಿಂದ ಒಬ್ಬರಿಗೆ ಸಾಗುವ ನಡೆ. ಜಂಗಮ ಅಂದರೆ ನಡೆದಾಡುವ ಶಿವಶರಣ ಅಂತ ಹಿಡಿದು ಬೇರೆ ಥರ ಓದುವವರೂ ಇದ್ದಾರೆ. ನೀನು ಯಾವುದನ್ನಾದರೂ ಒಪ್ಪು, ನನ್ನ ಓದನ್ನು ತಳ್ಳಿಹಾಕಿದರೂ ಸರಿ. ಆಧಾರ ಮಾತ್ರ ಈ ಆರು ಸಾಲಿನಿಂದಲೇ ಬರಲಿ.

ಮೊದಲಿನ ಜೀವನಚರಿತ್ರೆಯ ಪ್ಯಾರಾ ತೆಗೆ. ಮರಾಠಿ ಅಭಂಗಗಳ ಜೊತೆಗಿನ ಹೋಲಿಕೆ ಚೆನ್ನಾದ ವಿಷಯ, ಆದರೆ ಮೂರು ಸಾಲಿನಲ್ಲಿ ಆಗುವಂಥದ್ದಲ್ಲ; ಅದನ್ನು ಬೇರೆ ಲೇಖನಕ್ಕೆ ಇಟ್ಟುಕೋ. ದೇಹದ ಅಳಿವಿನ ಪ್ರಶ್ನೆಯಿಂದಲೇ ಶುರುಮಾಡಿ ಮತ್ತೆ ಬರೆದು ಕಳಿಸು. ಒಂದೂವರೆ ಪುಟ ಸಾಕು.