ಆಫರ್ ಲೆಟರಿನ ನಲವತ್ತು ಸಾವಿರ ಬ್ಯಾಂಕಿಗೆ ಬರುವಾಗ ಎಷ್ಟಾಗುತ್ತದೆ?

ಪ್ರಶ್ನೆ: ಬೆಂಗಳೂರಿನ ಕಂಪನಿಯೊಂದರಲ್ಲಿ ಇದು ನನ್ನ ಮೊದಲ ಕೆಲಸ. ಪ್ಯಾಕೇಜ್ ವರ್ಷಕ್ಕೆ 4.8 ಲಕ್ಷ. ತಿಂಗಳಿಗೆ 40,000 ಎಂದು ಮನೆಯಲ್ಲೂ ಹೇಳಿಬಿಟ್ಟಿದ್ದೆ. ಸೆಪ್ಟೆಂಬರ್ 9ಕ್ಕೆ ಸೇರಿದೆ, ಬ್ಯಾಂಕಿಗೆ ಬಂದದ್ದು 23,883. ಪೇಸ್ಲಿಪ್‌ನಲ್ಲಿ ಗ್ರಾಸ್ 35,000 ಅಂತಿದೆ, ಬೇಸಿಕ್ 18,000. ಪಿಎಫ್ 1,584 ಎಂದು ಎರಡು ಕಡೆ ಬರೆದಿದ್ದಾರೆ. ಎರಡು ಸಲ ಹಿಡಿದುಕೊಂಡಿದ್ದಾರಾ? ಪಿಎಫ್ ಬೇಡ ಎನ್ನಬಹುದಿತ್ತು ಅಂತ ಗೆಳೆಯ ಹೇಳುತ್ತಾನೆ, ನಿಜವೇ?

ಉತ್ತರ: ಎರಡು ಸಲ ಹಿಡಿದಿಲ್ಲ. ನೀವು ಕೊಟ್ಟ ಅಂಕಿಗಳ ಪ್ರಕಾರ ಲೆಕ್ಕ ಸರಿಯಾಗಿಯೇ ಇದೆ. ನಿಮ್ಮ ನಲವತ್ತು ಸಾವಿರ ಎರಡು ಹಂತಗಳಲ್ಲಿ ಇಳಿದಿದೆ. ಮೊದಲ ಇಳಿತ ಪೇಸ್ಲಿಪ್‌ಗೆ ಬರುವ ಮುಂಚೆಯೇ ಆಗಿಹೋಗಿದೆ, ಅದಕ್ಕೇ ಅದು ಅಲ್ಲಿ ಕಾಣುವುದಿಲ್ಲ.

ಆಫರ್ ಲೆಟರಿನ 4.8 ಲಕ್ಷ ಸಿಟಿಸಿ, ಅಂದರೆ ನಿಮ್ಮನ್ನು ಇಟ್ಟುಕೊಳ್ಳಲು ಕಂಪನಿಗೆ ತಗಲುವ ಒಟ್ಟು ಖರ್ಚು. ಗ್ರಾಸ್ ತಿಂಗಳಿಗೆ 35,000 ಎಂದರೆ ವರ್ಷಕ್ಕೆ 4.2 ಲಕ್ಷ. ಉಳಿದ 60,000 ಎಲ್ಲಿ ಹೋಯಿತು ಎನ್ನುವುದು ಆಫರ್ ಲೆಟರಿನ ಕೊನೆಯಲ್ಲಿರುವ ಕೋಷ್ಟಕದಲ್ಲಿ ಸಿಗುತ್ತದೆ. ಹೆಚ್ಚಿನವರು ಸಹಿ ಹಾಕುವಾಗ ಆ ಹಾಳೆಯನ್ನು ತಿರುಗಿಸಿಯೂ ನೋಡುವುದಿಲ್ಲ. ನಿಮ್ಮ ಬೇಸಿಕ್ ಇಟ್ಟುಕೊಂಡು ಒಂದು ಮಾದರಿ ಲೆಕ್ಕ ಹಾಕುತ್ತೇನೆ. ಕಂಪನಿ ಕಟ್ಟುವ ಪಿಎಫ್ ಪಾಲು ವರ್ಷಕ್ಕೆ 21,600. ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟಾದ ಗ್ರಾಚ್ಯುಟಿಗೆಂದು ಬೇಸಿಕ್‌ನ ಶೇ 4.81, ಅಂದರೆ ಸುಮಾರು 10,400. ಗುಂಪು ಆರೋಗ್ಯ ವಿಮೆಯ ಕಂತು 4,000 ಇರಬಹುದು. ಮಿಕ್ಕ 24,000 ವೇರಿಯಬಲ್ ಪೇ. ಮೊದಲೆರಡು ಅಂಕಿ ಬೇಸಿಕ್‌ನಿಂದಲೇ ಹುಟ್ಟುವಂಥವು, ಕೊನೆಯ ಎರಡು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ. ನಿಮ್ಮ ಕೋಷ್ಟಕದಲ್ಲಿ ನೋಡಿಕೊಳ್ಳಿ.

ಇವುಗಳಲ್ಲಿ ಪಿಎಫ್ ಮಾತ್ರ ಖಂಡಿತ ನಿಮ್ಮ ದುಡ್ಡು. ಗ್ರಾಚ್ಯುಟಿ ಕಾಯಂ ನೌಕರರಿಗೆ ಸಾಮಾನ್ಯವಾಗಿ ಐದು ವರ್ಷ ಸೇವೆ ಆದಮೇಲಷ್ಟೇ ಸಿಗುತ್ತದೆ. ಎರಡು ವರ್ಷಕ್ಕೆ ಬಿಟ್ಟು ಹೋದರೆ ಆ 10,400 ಕಾಗದದ ಮೇಲೇ ಉಳಿಯುತ್ತದೆ. ವೇರಿಯಬಲ್ ಪೇ ನಿಮ್ಮ ಮತ್ತು ಕಂಪನಿಯ ಸಾಧನೆ ನೋಡಿ ಕೊಡುವಂಥದ್ದು, ಪೂರ್ತಿ ಬಂದೇ ಬರುತ್ತದೆ ಎಂದುಕೊಂಡು ಇಎಂಐ ಹಾಕಿಕೊಳ್ಳಬೇಡಿ. ಮುಂದೆ ಕೆಲಸ ಬದಲಿಸುವಾಗ ಪ್ಯಾಕೇಜ್ ಎಷ್ಟು ಎಂದು ಕೇಳುವ ಬದಲು ತಿಂಗಳ ಗ್ರಾಸ್ ಎಷ್ಟು, ವೇರಿಯಬಲ್ ಎಷ್ಟು ಎಂದು ಬೇರೆ ಬೇರೆಯಾಗಿ ಕೇಳಿ. ಎಚ್‌ಆರ್‌ನವರಿಗೆ ಉತ್ತರ ಗೊತ್ತಿರುತ್ತದೆ, ಕೇಳದೆ ಹೇಳುವುದಿಲ್ಲ ಅಷ್ಟೆ.

ಎರಡನೆಯ ಇಳಿತ ಪೇಸ್ಲಿಪ್‌ನೊಳಗೇ ಇದೆ. ಮೊದಲು ನೋಡಬೇಕಾದ ಸಾಲು ಪೇಯ್ಡ್ ಡೇಸ್. 9ರಿಂದ 30ರವರೆಗೆ 22 ದಿನ. ಹಾಗಾಗಿ 35,000ದ ಬದಲು ಮೂವತ್ತರಲ್ಲಿ ಇಪ್ಪತ್ತೆರಡು ಪಾಲು, ಅಂದರೆ 25,667. ಅದೇ ಲೆಕ್ಕದಲ್ಲಿ ನಿಮ್ಮ ಬೇಸಿಕ್ ಈ ತಿಂಗಳಿಗೆ 13,200. ಪಿಎಫ್ ಇದರ ಶೇ 12, ಅದೇ 1,584. ವೃತ್ತಿ ತೆರಿಗೆ 200. ಎರಡನ್ನೂ ಕಳೆದರೆ 23,883, ರೂಪಾಯಿ ವ್ಯತ್ಯಾಸವಿಲ್ಲ.

ವೃತ್ತಿ ತೆರಿಗೆ ಕರ್ನಾಟಕದಲ್ಲಿ ತಿಂಗಳ ಸಂಬಳ 25,000 ಅಥವಾ ಅದಕ್ಕಿಂತ ಹೆಚ್ಚಿದ್ದವರಿಗೆ ಮಾತ್ರ. ನೀವು 10ನೇ ತಾರೀಕು ಸೇರಿದ್ದರೆ ಆ ತಿಂಗಳ ಸಂಬಳ 24,500 ಆಗಿ ಈ 200 ಉಳಿಯುತ್ತಿತ್ತು! ಆದಾಯ ತೆರಿಗೆಯ ಸಾಲಿನಲ್ಲಿ ಸೊನ್ನೆ ಇದ್ದರೆ ಗಾಬರಿ ಬೇಡ. ಹೊಸ ತೆರಿಗೆ ಪದ್ಧತಿಯಲ್ಲಿ ನಿಮ್ಮ ವರ್ಷದ ಸಂಬಳಕ್ಕೆ ತೆರಿಗೆ ಬರುವುದಿಲ್ಲ. ಇಎಸ್‌ಐ ಕೂಡ ಇಲ್ಲ, ಆ ಸರ್ಕಾರಿ ಆರೋಗ್ಯ ವಿಮೆ ಗ್ರಾಸ್ 21,000 ದಾಟದವರಿಗೆ.

ಈಗ ಆ ಎರಡು 1,584. ಒಂದು ನಿಮ್ಮ ಪಾಲು, ಅದು ಕಡಿತದ ಭಾಗದಲ್ಲಿರುತ್ತದೆ. ಇನ್ನೊಂದು ಕಂಪನಿಯ ಪಾಲು, ಅದನ್ನು ಮಾಹಿತಿಗಾಗಿ ಕೆಳಗೆ ತೋರಿಸಿರುತ್ತಾರೆ, ನಿವ್ವಳ ಸಂಬಳದಲ್ಲಿ ಕಳೆದಿರುವುದಿಲ್ಲ. ಕಳೆದಿದ್ದರೆ ನಿಮಗೆ ಬರುತ್ತಿದ್ದುದು 22,299. ಕೆಲವು ಕಂಪನಿಗಳು ಕಂಪನಿಯ ಪಾಲನ್ನು ಗಳಿಕೆಯ ಭಾಗದಲ್ಲಿ ಸೇರಿಸಿ, ಕಡಿತದ ಭಾಗದಲ್ಲಿ ಮತ್ತೆ ಕಳೆಯುತ್ತವೆ. ನೋಡಲು ಗೊಂದಲವಾದರೂ ನಷ್ಟವಿಲ್ಲ. ಗಳಿಕೆಯಲ್ಲಿ ಸೇರಿಸದೆ, ಒಪ್ಪಿಕೊಂಡ ಗ್ರಾಸ್‌ನಿಂದಲೇ ಎರಡೂ ಪಾಲು ಕಳೆದಿದ್ದರೆ ಮಾತ್ರ ಜಗಳ ಮಾಡಿ. ಉದ್ಯೋಗದಾತರ ಪಾಲನ್ನು ನೌಕರರ ಸಂಬಳದಿಂದ ವಸೂಲು ಮಾಡಲು ಪಿಎಫ್ ಕಾನೂನು ಬಿಡುವುದಿಲ್ಲ. ಸಿಟಿಸಿ ಲೆಕ್ಕದಲ್ಲಿ ಮೊದಲೇ ಸೇರಿಸಿ ಗ್ರಾಸ್ ಅನ್ನೇ ಕಡಿಮೆ ನಿಗದಿ ಮಾಡುವುದು ಬೇರೆ ಮಾತು. ನಿಮ್ಮಲ್ಲಿ ಆಗಿರುವುದು ಅದೇ, ಎಲ್ಲ ಕಡೆ ನಡೆಯುವುದೂ ಅದೇ.

ಮುಂದಿನ ತಿಂಗಳು ಪೂರ್ತಿ ಸಂಬಳ ಬಂದಾಗ ಇನ್ನೊಂದು ಅನುಮಾನ ಹುಟ್ಟಬಹುದು. ಬೇಸಿಕ್ 18,000ದ ಶೇ 12 ಎಂದರೆ 2,160 ಆಗಬೇಕು, ಆದರೆ ಪಿಎಫ್ ಸಾಲಿನಲ್ಲಿ 1,800 ಇದ್ದರೆ? ಪಿಎಫ್ ಕಡ್ಡಾಯವಾಗುವ ವೇತನಕ್ಕೆ 15,000ದ ಮಿತಿ ಇದೆ. 2014ರ ಸೆಪ್ಟೆಂಬರ್‌ನಲ್ಲಿ ನಿಗದಿಯಾದದ್ದು ಅದು. ಬೇಸಿಕ್ ಎಷ್ಟೇ ಇರಲಿ, 15,000ದ ಮೇಲೆ ಲೆಕ್ಕ ಹಾಕಿ 1,800 ಕಟ್ಟಿದರೆ ಸಾಕು ಎಂದು ಬಹಳ ಕಂಪನಿಗಳು ಅಲ್ಲಿಗೇ ನಿಲ್ಲಿಸುತ್ತವೆ. ನಾನು ಮೇಲೆ ಕಂಪನಿಯ ಪಾಲು ವರ್ಷಕ್ಕೆ 21,600 ಎಂದು ಹಿಡಿದದ್ದೂ ಇದೇ ಆಧಾರದಲ್ಲಿ. ಪೂರ್ತಿ ಬೇಸಿಕ್ ಮೇಲೆ ಕಟ್ಟುವ ಕಂಪನಿಯಾದರೆ ನಿಮ್ಮ ಕಡಿತ 2,160 ಆಗುತ್ತದೆ, ಅವರ ಪಾಲೂ ಅಷ್ಟೇ ಏರುತ್ತದೆ. 1,800 ಹಿಡಿದರೆ ನಿಮ್ಮ ಕೈಗೆ ಪ್ರತಿ ತಿಂಗಳು 33,000 ಬರಬೇಕು.

ಪೇಸ್ಲಿಪ್‌ಗಿಂತ ಮುಖ್ಯವಾಗಿ ನೀವು ನೋಡಬೇಕಾದದ್ದು ಪಿಎಫ್ ಪಾಸ್‌ಬುಕ್. ಸೆಪ್ಟೆಂಬರ್ ಸಂಬಳದ ಪಿಎಫ್ ಅನ್ನು ಕಂಪನಿ ಅಕ್ಟೋಬರ್ 15ರೊಳಗೆ ಕಟ್ಟಬೇಕು. ಅದಾಗಿ ಕೆಲವು ದಿನ ಬಿಟ್ಟು ನಿಮ್ಮ ಪಿಎಫ್ ಸದಸ್ಯತ್ವದ ಯುಎಎನ್ ಸಂಖ್ಯೆಯಿಂದ ಪಿಎಫ್ ಸಂಸ್ಥೆಯಾದ ಇಪಿಎಫ್‌ಒ ಜಾಲತಾಣದಲ್ಲಿ ಅಥವಾ ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆಯಿರಿ. ಅಲ್ಲಿ ಮೂರು ಕಾಲಂ ಇರುತ್ತವೆ: ನೌಕರರ ಪಾಲು, ಉದ್ಯೋಗದಾತರ ಪಾಲು, ಪಿಂಚಣಿ ವಂತಿಗೆ.

ಹೆಚ್ಚಿನವರು ತಬ್ಬಿಬ್ಬಾಗುವುದು ಈ ಪಿಂಚಣಿ ಕಾಲಂ ನೋಡಿ. ಬೇಸಿಕ್ 14,000 ಇರುವವರ ಪಾಸ್‌ಬುಕ್‌ನಲ್ಲಿ ನೌಕರರ ಪಾಲು 1,680 ಇದ್ದರೆ, ಉದ್ಯೋಗದಾತರ ಪಾಲು ಬರೀ 514 ಕಾಣುತ್ತದೆ. ಕಂಪನಿ ನುಂಗಿತೆಂದಲ್ಲ. ಅವರ ಶೇ 12ರಲ್ಲಿ ಶೇ 8.33, ಅಂದರೆ 1,166, ಪಿಂಚಣಿ ಯೋಜನೆಗೆ ಹೋಗಿದೆ. ಅದು ನಿಮ್ಮ ಹೆಸರಿನಲ್ಲಿ ಬಡ್ಡಿ ಬೆಳೆಯುವ ಹಣವಲ್ಲ. ಮುಂದೆ ಪಿಂಚಣಿಯನ್ನು ಸೇವೆಯ ವರ್ಷಗಳ ಮೇಲೆ ಲೆಕ್ಕ ಹಾಕುತ್ತಾರೆ.

ನಿಮ್ಮ ವಿಷಯ ಬೇರೆ. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಸಲ ಪಿಎಫ್‌ಗೆ ಸೇರಿ, ಸೇರುವಾಗಲೇ ಪಿಎಫ್ ವೇತನ 15,000 ಮೀರಿದ್ದವರು ಪಿಂಚಣಿ ಯೋಜನೆಯ ಸದಸ್ಯರಾಗುವುದಿಲ್ಲ. ಹಾಗಾಗಿ ನಿಮ್ಮ ಪಿಂಚಣಿ ಕಾಲಂನಲ್ಲಿ ಸೊನ್ನೆಯೂ ಉದ್ಯೋಗದಾತರ ಪಾಲಿನಲ್ಲಿ ಪೂರ್ತಿ 1,584ಊ ಇರಬೇಕು. ಎಡವುವುದು ಇಲ್ಲೇ. ಮೊದಲ ತಿಂಗಳು ಅರೆಬರೆ ದಿನಗಳಾದ್ದರಿಂದ ಬೇಸಿಕ್ 13,200 ಎಂದು ಕಾಣುತ್ತದೆ. ಸಂಬಳದ ಲೆಕ್ಕ ನೋಡುವವರು ನಿಗದಿಯಾದ 18,000ವನ್ನು ಮರೆತು, 15,000ಕ್ಕಿಂತ ಕಡಿಮೆ ಎಂದು ಪಿಂಚಣಿಗೆ ಸೇರಿಸಿಬಿಡಬಹುದು. ಹಾಗಾದರೆ ಆ ಕಾಲಂನಲ್ಲಿ ಮೊದಲ ತಿಂಗಳೇ 1,100 ಕಾಣಿಸುತ್ತದೆ, ಆಮೇಲೆ ಪ್ರತಿ ತಿಂಗಳು 1,250. ಕಂಡ ತಕ್ಷಣ ಪೇರೋಲ್ ವಿಭಾಗಕ್ಕೆ ಇಮೇಲ್ ಮಾಡಿ. ಈಗ ತಿದ್ದುವುದು ಸುಲಭ. ನಾಲ್ಕು ವರ್ಷ ಕಳೆದು ಕಂಪನಿ ಬಿಟ್ಟಮೇಲೆ ಪಿಎಫ್ ವರ್ಗಾವಣೆಗೋ ಹಣ ತೆಗೆಯುವುದಕ್ಕೋ ಅರ್ಜಿ ಹಾಕಿದಾಗ ಗೊತ್ತಾದರೆ, ಹಳೆಯ ಕಂಪನಿಯವರ ಬೆನ್ನು ಹತ್ತಿ ತಿದ್ದುಪಡಿ ಮಾಡಿಸುವ ಕಷ್ಟ ನಿಮ್ಮ ತಲೆಗೇ ಬರುತ್ತದೆ.

ಪಾಸ್‌ಬುಕ್‌ನಲ್ಲಿ ಹೆಸರು ಮತ್ತು ಹುಟ್ಟಿದ ದಿನ ಆಧಾರ್‌ನಲ್ಲಿ ಇದ್ದಂತೆಯೇ ಇವೆಯೇ ಎಂದೂ ನೋಡಿಕೊಳ್ಳಿ. ಇನಿಷಿಯಲ್ ಹಿಂದೆ ಮುಂದೆ ಆಗುವುದು ನಮ್ಮ ಕಡೆ ಮಾಮೂಲು. ಯುಎಎನ್ ಚಾಲನೆಯಾಗಿ ಮೊಬೈಲ್ ಜೋಡಣೆಯಾದಮೇಲೆ, ಅದೇ ಮೊಬೈಲ್‌ನಿಂದ `EPFOHO UAN KAN` ಎಂದು 7738299899ಕ್ಕೆ ಎಸ್‌ಎಂಎಸ್ ಕಳಿಸಿದರೆ ಕೊನೆಯ ವಂತಿಗೆ ಮತ್ತು ಬಾಕಿ ಮೊತ್ತ ಕನ್ನಡದಲ್ಲೇ ಬರುತ್ತದೆ. ಪೇಸ್ಲಿಪ್‌ನಲ್ಲಿ ಕಡಿತವಾಗಿ, ಪಾಸ್‌ಬುಕ್‌ನಲ್ಲಿ ಎರಡು ತಿಂಗಳಾದರೂ ನಮೂದಿಲ್ಲದಿದ್ದರೆ ಮೊದಲು ಕಂಪನಿಯನ್ನು ಲಿಖಿತವಾಗಿ ಕೇಳಿ, ಆಮೇಲೆ ಇಪಿಎಫ್‌ಒದ ದೂರು ತಾಣದಲ್ಲಿ ಪೇಸ್ಲಿಪ್ ಪ್ರತಿಯ ಜೊತೆ ದೂರು ಕೊಡಿ. ನೌಕರರ ಸಂಬಳದಿಂದ ಹಿಡಿದ ಪಿಎಫ್ ಕಟ್ಟದಿರುವುದು ಅಪರಾಧ.

ನಿಮ್ಮ ಗೆಳೆಯ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಮೊದಲ ಕೆಲಸಕ್ಕೆ ಸೇರುವಾಗ ಪಿಎಫ್ ವೇತನ 15,000 ಮೀರಿದ್ದರೆ ಪಿಎಫ್ ಕಡ್ಡಾಯವಲ್ಲ, ಸೇರುವ ಹೊತ್ತಿಗೆ ಬೇಡ ಎನ್ನಬಹುದಿತ್ತು. ಒಮ್ಮೆ ಸದಸ್ಯರಾದಮೇಲೆ ಕೆಲಸದಲ್ಲಿರುತ್ತಲೇ ಹೊರಬರಲು ಬರುವುದಿಲ್ಲ. ಅವಕಾಶ ತಪ್ಪಿತು ಎಂದು ಪೇಚಾಡಬೇಡಿ. 2024–25ಕ್ಕೆ ಪಿಎಫ್ ಬಡ್ಡಿ ಶೇ 8.25 ಇತ್ತು, ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿನವರು ತಿಂಗಳಿಗೆ 1,800 ಹೆಚ್ಚು ಕೈಗೆ ಬಂದರೆ ಅದನ್ನು ಉಳಿಸುತ್ತಾರೆಂಬ ನಂಬಿಕೆ ನನಗಂತೂ ಇಲ್ಲ.

33,000 ಎಂದೆನಲ್ಲ, ಅದು ವರ್ಷವಿಡೀ ಹಾಗೇ ಇರುವುದಿಲ್ಲ. ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿಯ ಸಣ್ಣ ಮೊತ್ತವೊಂದು ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಡಿಸೆಂಬರ್ ಸಂಬಳದಲ್ಲಿ ಕಡಿತವಾಗುತ್ತದೆ. 2025ರ ತಿದ್ದುಪಡಿಯ ನಂತರ ವೃತ್ತಿ ತೆರಿಗೆ ಫೆಬ್ರುವರಿಯಲ್ಲಿ 200ರ ಬದಲು 300. ಆ ತಿಂಗಳು 32,900 ಬಂದರೆ ಅದಕ್ಕೆ ಕಾರಣ ಇದೇ.