ಭರಣಿಯೊಳಗೆ ನೀರು ಎಲ್ಲಿಂದ ಬಂತು?

ಪ್ರಶ್ನೆ: ಮಗಳು ಒಂಬತ್ತನೇ ಕ್ಲಾಸು. ಪೊರೆ ದಾಟಿ ನೀರು ಹೋಗುವ ಅಭಿಸರಣೆಯ ವ್ಯಾಖ್ಯೆ ಬಾಯಿಪಾಠ ಇದೆ. ಆದರೆ ನೀರು ಯಾವ ಕಡೆ ಹೋಗುತ್ತದೆ ಅಂತ ಕೇಳಿದರೆ ಹೇಳೋಕೆ ಬರಲ್ಲ. ಟ್ಯೂಷನ್‌ಗೆ ಹಾಕಲಾ, ಇಲ್ಲಾ ಒಳ್ಳೆ ವಿಡಿಯೋ ಇದೆಯಾ?

ಎರಡೂ ಬೇಡ. ಒಂದು ಕೆ.ಜಿ. ಹುಳಿ ಮಾವಿನಕಾಯಿ ತನ್ನಿ.

ಸಿಂಧನೂರು ಕಡೆಯ ಹಳ್ಳಿಯಲ್ಲಿ ಓದುವಾಗ ನಾನೂ ಹೀಗೇ ಇದ್ದೆ. ಒಂದು ಬೇಸಿಗೆಯಲ್ಲಿ ಅಜ್ಜಿ ಉಪ್ಪಿನಕಾಯಿಗೆ ಹೋಳು ಹೆಚ್ಚಿದಳು. ಒಣಬಟ್ಟೆಯಲ್ಲಿ ಒಂದೊಂದನ್ನೂ ಒರೆಸಿ, ಕಲ್ಲುಪ್ಪು ಕಲಸಿ ಭರಣಿಗೆ ತುಂಬಿದಳು. ಒದ್ದೆ ಕೈಯಲ್ಲಿ ಮುಟ್ಟಿದರೆ ಬೈಗುಳ ಗ್ಯಾರಂಟಿ. ಮರುದಿನ ಬೆಳಿಗ್ಗೆ ನೋಡಿದರೆ ತಳದಲ್ಲಿ ನೀರು ನಿಂತಿದೆ. 'ಅಜ್ಜಿ, ನೀರ್ ಹಾಕಿದೇನು?' ಅಂದೆ. 'ನಾ ಯಾಕ ಹಾಕ್ಲಿ? ಕಾಯಿನ ಬಿಟ್ಟದ' ಅಂದಳು.

ಒಂದು ಹೋಳು ತೆಗೆದು ನೋಡಿದೆ. ನೆಟ್ಟಗಿದ್ದದ್ದು ಬಾಗಿತ್ತು. ಸಿಪ್ಪೆಯ ಕಡೆ ಹಾಗೇ ಇದೆ, ತಿರುಳಿನ ಕಡೆ ಕುಗ್ಗಿ ಒಳಗೆ ಎಳೆದುಕೊಂಡಿದೆ. ಸಿಪ್ಪೆಯ ಮೇಲೆ ಮೇಣದಂಥ ಪದರ ಇರುತ್ತದೆ, ಅಲ್ಲಿಂದ ನೀರು ಸುಲಭವಾಗಿ ಬರುವುದಿಲ್ಲ. ಕೊಯ್ದ ಕಡೆಯಿಂದಲೇ ಬಂದಿದೆ. ಕಚ್ಚಿದೆ. ಹೊರಗೆ ಉಪ್ಪು, ನಡುವೆ ಬರೀ ಹುಳಿ. ಅಂದರೆ ನೀರು ಹೊರಗೆ ಬಂದಷ್ಟು ಬೇಗ ಉಪ್ಪು ಒಳಗೆ ಹೋಗಿಲ್ಲ.

ಅದಕ್ಕೆ ಸ್ವಲ್ಪ ಮುಂಚೆ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಂದಿತ್ತು. ನೀರಿನಲ್ಲಿ ನೆನೆದು ಉಬ್ಬಿದ ಒಣದ್ರಾಕ್ಷಿಯನ್ನು ಗಟ್ಟಿ ಸಕ್ಕರೆ ಪಾಕಕ್ಕೆ ಹಾಕಿದರೆ ಏನಾಗುತ್ತದೆ? ಇನ್ನೂ ಉಬ್ಬುತ್ತದೆ ಅಂತ ಬರೆದೆ. ಅಂಕ ಪೂರ್ತಿ ಹೋಯಿತು. ಈ ತಪ್ಪನ್ನು ಬಿಡಿಸಿ ಹೇಳಲೇಬೇಕು, ನಿಮ್ಮ ಮಗಳೂ ಇಲ್ಲೇ ಎಡವುತ್ತಿದ್ದಾಳೆ ಅನ್ನಿಸುತ್ತದೆ. ಕಣಗಳು ತಾವಾಗಿ ಹರಡುವ ವಿಸರಣೆಯ ಪಾಠದಲ್ಲಿ 'ಹೆಚ್ಚು ಸಾರತೆಯಿಂದ ಕಡಿಮೆ ಸಾರತೆಗೆ' ಅಂತ ಇರುತ್ತದೆ. ಸಾರತೆ ಅಂದರೆ ದ್ರಾವಣ ಎಷ್ಟು ಗಟ್ಟಿ ಅನ್ನುವುದು. ಅಭಿಸರಣೆಗೆ ಬಂದರೆ ಎಷ್ಟೋ ಕಡೆ 'ಕಡಿಮೆ ಸಾರತೆಯ ದ್ರಾವಣದಿಂದ ಹೆಚ್ಚು ಸಾರತೆಯ ದ್ರಾವಣಕ್ಕೆ' ಅಂತ ಇರುತ್ತದೆ. ಎರಡೂ ಬಾಯಿಪಾಠ ಇದ್ದಾಗ ಪರೀಕ್ಷೆಯಲ್ಲಿ ಯಾವುದೋ ಒಂದು ನೆನಪಾಗುತ್ತದೆ. ನನಗೆ ಮೊದಲನೆಯದು ನೆನಪಾಯಿತು. ಪಾಕ ಗಟ್ಟಿ, ಹಾಗಾಗಿ ಅಲ್ಲಿಂದ ದ್ರಾಕ್ಷಿಯೊಳಗೆ ಹೋಗುತ್ತದೆ ಅಂದುಕೊಂಡೆ. ಏನು ಹೋಗುತ್ತದೆ ಅಂತ ಕೇಳಿಕೊಳ್ಳಲೇ ಇಲ್ಲ. ಹೋಗುವುದು ನೀರು. ಲೆಕ್ಕ ಹಾಕಬೇಕಾದದ್ದು ನೀರನ್ನು, ಸಕ್ಕರೆಯನ್ನಲ್ಲ. ಗಟ್ಟಿ ಪಾಕದಲ್ಲಿ ನೀರಿನ ಪಾಲು ಕಡಿಮೆ, ದ್ರಾಕ್ಷಿಯೊಳಗೆ ಜಾಸ್ತಿ. ನೀರು ಜಾಸ್ತಿ ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೊರಡುತ್ತದೆ, ದ್ರಾಕ್ಷಿ ಸುಕ್ಕಾಗುತ್ತದೆ. ಹೀಗೆ ನೋಡಿದರೆ ಆ ಎರಡು ವಾಕ್ಯಗಳ ಜಗಳವೇ ಇಲ್ಲ.

ಭರಣಿಯಲ್ಲೂ ಇದೇ. ಕೊಯ್ದ ಮೈಯ ರಸದಲ್ಲಿ ಉಪ್ಪು ಮೊದಲು ಕರಗುತ್ತದೆ. 100 ಗ್ರಾಂ ನೀರಿಗೆ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ, ಅಷ್ಟು ಗಟ್ಟಿ ಉಪ್ಪುನೀರು ಹೋಳಿಗೆ ಅಂಟಿಕೊಂಡಿರುತ್ತದೆ. ಜೀವಕೋಶದ ಪೊರೆ ನೀರನ್ನು ಬಿಡುತ್ತದೆ, ಉಪ್ಪನ್ನು ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ನೀರು ಹೊರಗೆ ಬರುತ್ತದೆ.

ನನಗೆ ಇದು ಗಟ್ಟಿಯಾಗಿ ಕೂತದ್ದು ಹೊಲದಲ್ಲಿ. ತುಂಗಭದ್ರಾ ಕಾಲುವೆ ಕೆಳಗೆ ಸವಳು ಭೂಮಿ ಇದೆಯಲ್ಲ, ಮೇಲೆ ಬಿಳಿ ಉಪ್ಪು ಕಟ್ಟಿರುತ್ತದೆ. ನೆಲ ಒದ್ದೆ ಇದ್ದರೂ ಬೆಳೆ ಬಾಡುತ್ತದೆ. ಮಣ್ಣಿನ ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಬೇರಿಗೆ ಆ ನೀರು ಎಳೆದುಕೊಳ್ಳುವುದು ಕಷ್ಟ. ತೀರಾ ಹೆಚ್ಚಾದರೆ ಬೇರೇ ನೀರು ಕಳೆದುಕೊಳ್ಳುತ್ತದೆ. ಅಲ್ಲಿ ಇನ್ನಷ್ಟು ನೀರು ನಿಲ್ಲಿಸಿದರೆ ಆಗುವುದಿಲ್ಲ. ಬಸಿಗಾಲುವೆ ತೋಡಿ, ಒಳ್ಳೆ ನೀರು ಹಾಯಿಸಿ, ಉಪ್ಪನ್ನು ಹೊರಗೆ ಕಳಿಸಬೇಕು.

ಈಗ ನಿಮ್ಮ ಕೆಲಸ. ಒಂದು ಕೆ.ಜಿ. ಹೋಳಿಗೆ ಸುಮಾರು 200 ಗ್ರಾಂ ಕಲ್ಲುಪ್ಪು. ಗಾಜಿನ ಬಾಟಲಿಗೆ ಹಾಕಿ, ಕಾಣಬೇಕು. ಖಾರ, ಎಣ್ಣೆ ಈಗಲೇ ಬೇಡ. ಪಕ್ಕದಲ್ಲಿ ಉಪ್ಪಿಲ್ಲದ ನಾಲ್ಕು ಹೋಳು ನೀರಿನ ಬಟ್ಟಲಲ್ಲಿ ಇಡಿ. ಮರುದಿನ ಎರಡನ್ನೂ ಬಗ್ಗಿಸಿ ನೋಡಲಿ. ನೀರಿನಲ್ಲಿದ್ದದ್ದು ಗಟ್ಟಿಯಾಗಿರುತ್ತದೆ, ಉಪ್ಪಿನಲ್ಲಿದ್ದದ್ದು ಮೆತ್ತಗೆ ಬಾಗುತ್ತದೆ. ಯಾಕೆ ಅಂತ ಅವಳೇ ಹೇಳಲಿ, ನೀವು ಬಾಯಿ ಬಿಡಬೇಡಿ.

ಇದನ್ನು ಮೊದಲ ದಿನವೇ ಮಾಡಿಸಿ, ಹಳೆಯ ಉಪ್ಪಿನಕಾಯಿ ತೋರಿಸಬೇಡಿ. ದಿನ ಕಳೆದಂತೆ ಕೋಶಗಳು ಸಾಯುತ್ತವೆ, ಪೊರೆ ಕೆಡುತ್ತದೆ, ಆಮೇಲೆ ಉಪ್ಪು ಒಳಗೆ ನುಗ್ಗುತ್ತದೆ. ಅದು ಅಭಿಸರಣೆ ಅಲ್ಲ, ವಿಸರಣೆ. ವಾರ ಬಿಟ್ಟು ಅದೇ ಬಾಟಲಿಯ ಹೋಳು ಕಚ್ಚಿಸಿ. ನಡುವೆಯೂ ಉಪ್ಪಾಗಿದ್ದರೆ ಎರಡನೇ ಪಾಠವೂ ಅದೇ ಬಾಟಲಿಯಲ್ಲಿ ಮುಗಿಯುತ್ತದೆ.